ಅವಳಿ ಮಕ್ಕಳ ಕಾರ್ಟೂನ್: ಹೋಲಿಕೆ ಉಳಿಯಬೇಕು, ಯಾರು ಯಾರು ಅಂತಲೂ ಗೊತ್ತಾಗಬೇಕು

ಪ್ರಶ್ನೆ: ಸರ್, ನನಗೆ ಎಂಟು ವರ್ಷದ ಅವಳಿ ಹೆಣ್ಣುಮಕ್ಕಳು, ಐದು ವರ್ಷದ ಒಬ್ಬ ಮಗ. ಹುಡುಗಿಯರ ಹುಟ್ಟುಹಬ್ಬಕ್ಕೆ ಮೂವರ ಕಾರ್ಟೂನ್ ಮಾಡಿ ಕಾಫಿ ಕಪ್ ಮೇಲೆ ಪ್ರಿಂಟ್ ಹಾಕಿಸೋಣ ಅಂದುಕೊಂಡೆ. ಮೊದಲು ಮೊಬೈಲ್ ಆ್ಯಪ್‌ನಲ್ಲಿ ಮಾಡಿದೆ. ಇಬ್ಬರೂ ಜೆರಾಕ್ಸ್ ಕಾಪಿ ಥರ ಬಂದರು. ಆಮೇಲೆ ನಾನೇ ಟ್ಯಾಬ್‌ನಲ್ಲಿ ಫೋಟೊ ಮೇಲೆ ಗೆರೆ ಎಳೆದು ಟ್ರೇಸ್ ಮಾಡಿದೆ. ಗೆರೆ ಎಲ್ಲೂ ತಪ್ಪಿಲ್ಲ, ಆದರೂ ಯಾರು ಯಾರು ಅಂತ ಗೊತ್ತಾಗ್ತಿಲ್ಲ. ಒಬ್ಬಳಿಗೆ ಕೆಂಪು ಫ್ರಾಕ್, ಇನ್ನೊಬ್ಬಳಿಗೆ ಹಳದಿ ಬಣ್ಣ ಹಾಕಿದೆ. ಚಿಕ್ಕವಳು ನೋಡಿ, "ಇದು ಅಕ್ಕನೇ, ನನ್ನ ಫ್ರಾಕ್ ಹಾಕ್ಕೊಂಡಿದಾಳೆ" ಅಂದಳು. ಮನೆಯಲ್ಲಿ ನಮಗೆ ಗುರುತಿಸೋದು ಕಷ್ಟವೇ ಇಲ್ಲ, ಚಿತ್ರದಲ್ಲಿ ಯಾಕೆ ಹೀಗಾಗುತ್ತೆ? ವ್ಯತ್ಯಾಸ ಜಾಸ್ತಿ ಮಾಡಿ ತೋರಿಸಿದರೆ ಮಕ್ಕಳಿಗೆ ಬೇಜಾರಾಗಲ್ವಾ? ನನ್ನ ಕೈಯಲ್ಲಿ ಆಗುತ್ತಾ, ಇಲ್ಲ ಕಲಾವಿದರಿಗೆ ಕೊಡಬೇಕಾ? (ಶಿವಮೊಗ್ಗದಿಂದ ಒಬ್ಬ ತಾಯಿ)

ಉತ್ತರ: ನೀವು ಕಳಿಸಿದ ಫೋಟೊ, ಅದರ ಮೇಲಿನ ಟ್ರೇಸ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಗೆರೆ ನಿಜವಾಗಲೂ ಚೆನ್ನಾಗಿದೆ. ಹಾಗಾಗಿ ಕೈ ಪಳಗಿಲ್ಲ ಅನ್ನೋ ಚಿಂತೆ ಬೇಡ. ಅವಳಿಗಳ ವಿಷಯದಲ್ಲಿ ಸರಿಯಾದ ಟ್ರೇಸೇ ಕೈಕೊಡುತ್ತದೆ. ಅದಕ್ಕೆ ಕಾರಣ ಬರೀ ಅಳತೆಯ ಲೆಕ್ಕ.

ಎಂಟು ವರ್ಷದ ಮಗುವಿನ ಮುಖ ಹೆಚ್ಚುಕಡಿಮೆ 12 ಸೆಂ.ಮೀ. ಅಗಲ ಇರುತ್ತದೆ. ಕಪ್ ಮೇಲೆ ಮೂರು ಮಕ್ಕಳು ಹಿಡಿಸಬೇಕು ಅಂದರೆ ಒಂದೊಂದು ಮುಖಕ್ಕೆ 3 ಸೆಂ.ಮೀ. ಸಿಕ್ಕರೆ ದೊಡ್ಡದು. ಅಂದರೆ ಮುಖ ನಾಲ್ಕನೇ ಒಂದು ಭಾಗಕ್ಕೆ ಇಳಿಯಿತು. ನಿಮ್ಮ ಇಬ್ಬರು ಹುಡುಗಿಯರಲ್ಲಿ ಕಣ್ಣಿನಿಂದ ಗದ್ದದವರೆಗಿನ ಉದ್ದದಲ್ಲಿ ಸುಮಾರು 4 ಮಿ.ಮೀ. ವ್ಯತ್ಯಾಸ ಇರಬಹುದು ಅಂತ ಫೋಟೊ ನೋಡಿದರೆ ಅನಿಸುತ್ತದೆ. ಎದುರಿಗೆ ಕೂತಾಗ ಆ 4 ಮಿ.ಮೀ. ನಿಮ್ಮ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಕಪ್ ಮೇಲೆ ಅದು 1 ಮಿ.ಮೀ. ಆಗುತ್ತದೆ. ನೀವು ಮುಖದ ಸುತ್ತ ಎಳೆದ ಗೆರೆಯ ದಪ್ಪವೂ ಅಲ್ಲಿ ಸರಿಯಾಗಿ 1 ಮಿ.ಮೀ. ಅಲ್ಲಿಗೆ ವ್ಯತ್ಯಾಸ ಗೆರೆಯೊಳಗೇ ಮುಳುಗಿಹೋಯಿತು. ಫೋಟೊದಲ್ಲಾದರೆ ಕೆನ್ನೆಯ ನೆರಳು, ತುಟಿಯ ತೇವ, ಚರ್ಮದ ಏರಿಳಿತ ಎಲ್ಲ ಸೇರಿ ಇಬ್ಬರನ್ನು ಬೇರೆ ಮಾಡುತ್ತವೆ. ಕಾರ್ಟೂನ್ ಅಂದರೆ ಅದನ್ನೆಲ್ಲ ತೆಗೆದು ನಾಲ್ಕು ಗೆರೆಗೆ ಇಳಿಸುವುದು. ಒಬ್ಬರ ಕಾರ್ಟೂನ್ ಆದರೆ ಅದರಿಂದ ನಷ್ಟವಿಲ್ಲ. ಅವಳಿಗಳಾದರೆ ಮೊದಲು ಮಾಯವಾಗುವುದೇ ನಿಮಗೆ ಬೇಕಾದ ಆ ಸಣ್ಣ ಅಂತರ.

ಆ್ಯಪ್‌ನಲ್ಲೂ ಆದದ್ದು ಇದೇ, ಇನ್ನೂ ಜೋರಾಗಿ. ಆ ಫಿಲ್ಟರ್‌ಗಳಿಗೆ ತಮ್ಮದೇ ಒಂದು ಶೈಲಿ ಇರುತ್ತದೆ: ದೊಡ್ಡ ಕಣ್ಣು, ಚೂಪು ಗದ್ದ, ಸಣ್ಣ ಮೂಗು. ಯಾರ ಮುಖ ಹಾಕಿದರೂ ಆ ಅಚ್ಚಿನ ಕಡೆಗೆ ಎಳೆಯುತ್ತವೆ. ಮೊದಲೇ ಹತ್ತಿರ ಇದ್ದ ಎರಡು ಮುಖಗಳು ಅಲ್ಲಿ ಒಂದೇ ಆಗಿಬಿಡುತ್ತವೆ. ಬೇರೆ ಆ್ಯಪ್ ಹುಡುಕುವುದರಿಂದ ದೊಡ್ಡ ಲಾಭ ಇಲ್ಲ.

ಈಗ ಕೆಂಪು ಫ್ರಾಕು, ಹಳದಿ ಫ್ರಾಕಿನ ವಿಷಯ. ಬಟ್ಟೆ, ರಿಬ್ಬನ್, ಕ್ಲಿಪ್ಪು ಬದಲಾಯಿಸಿದರೆ ಸಾಕು ಅಂತ ಬಹಳ ಜನ ನಂಬಿದ್ದಾರೆ, ಕಲಾವಿದರೂ ಸೇರಿ. ಅದು ಕತ್ತಿಗೆ ಐಡಿ ಕಾರ್ಡ್ ಹಾಕಿದ ಹಾಗೆ. ಕಾರ್ಡ್ ಓದಿದರೆ ಹೆಸರು ಗೊತ್ತಾಗುತ್ತದೆ, ಮುಖ ನೋಡಿ ಗೊತ್ತಾಗುವುದಿಲ್ಲ. ನಿಮ್ಮ ಚಿಕ್ಕ ಮಗಳು ಹಿಡಿದದ್ದು ಸರಿಯಾಗಿ ಇದನ್ನೇ. ಮುಖ ಗುರುತಿಸುವ ಬಗ್ಗೆ ನಡೆದ ಅಧ್ಯಯನಗಳಲ್ಲಿ ಪದೇಪದೇ ಕಂಡ ಒಂದು ಸಂಗತಿ ಇದೆ. ಗುರುತಿಲ್ಲದವರ ಮುಖ ನೋಡುವಾಗ ನಾವು ಕೂದಲು, ತಲೆಯ ಆಕಾರದ ಮೇಲೆ ಜಾಸ್ತಿ ನಂಬಿಕೆ ಇಡುತ್ತೇವೆ. ಚೆನ್ನಾಗಿ ಗೊತ್ತಿರುವವರನ್ನು ಒಳಗಿನ ಭಾಗದಿಂದ, ಅಂದರೆ ಹುಬ್ಬು, ಕಣ್ಣು, ಮೂಗು, ಬಾಯಿಯಿಂದ ಗುರುತಿಸುತ್ತೇವೆ. ನಿಮ್ಮ ಕಪ್ ನೋಡುವವರು ಮನೆಯವರು, ನೆಂಟರು, ಕ್ಲಾಸಿನ ಮಕ್ಕಳು. ಅವರೆಲ್ಲರ ಕಣ್ಣು ನೇರವಾಗಿ ಒಳಭಾಗಕ್ಕೇ ಹೋಗುತ್ತದೆ. ಬಟ್ಟೆಯ ಬಣ್ಣ ಬೇರೆ ಇರಲಿ, ಅದರಿಂದ ತೊಂದರೆ ಇಲ್ಲ. ಆದರೆ ಅದನ್ನು ಕೊನೆಗೆ ಹಾಕಿ. ಮೊದಲೇ ಬಣ್ಣ ಹಾಕಿಬಿಟ್ಟರೆ ಮುಖ ಬೇರೆಯಾಗಿದೆಯೋ ಇಲ್ಲವೋ ಅನ್ನೋದೇ ನಿಮಗೆ ತಿಳಿಯುವುದಿಲ್ಲ.

ಗೆರೆಗೆ ಬರುವ ಮುಂಚೆ ಫೋಟೊ ಬದಲಾಯಿಸಬೇಕು. ನೀವು ಟ್ರೇಸ್ ಮಾಡಿದ್ದು ಇಬ್ಬರೂ ಒಟ್ಟಿಗೆ ಇರುವ ಸೆಲ್ಫಿ, ಫೋನ್ ದೊಡ್ಡವಳ ಕೈಯಲ್ಲಿದೆ. ಅವಳ ಮುಖ ಲೆನ್ಸ್‌ಗೆ ಹತ್ತಿರ, ಹಾಗಾಗಿ ಅವಳ ಮೂಗು ದಪ್ಪ ಕಾಣುತ್ತಿದೆ. ಒಂದು ಅಡಿ ದೂರದಿಂದ ತೆಗೆದ ಸೆಲ್ಫಿಯಲ್ಲಿ ದೊಡ್ಡವರ ಮೂಗು ಸುಮಾರು 30% ಅಗಲವಾಗಿ ಕಾಣುತ್ತದೆ ಅಂತ 2018ರಲ್ಲಿ ಅಮೆರಿಕದ ವೈದ್ಯರು ಲೆಕ್ಕ ಹಾಕಿ ಪ್ರಕಟಿಸಿದ್ದರು. ಅವಳಿಗಳ ನಡುವಿನ ನಿಜವಾದ ಅಂತರ ಅಷ್ಟು ಇರುವುದೇ ಇಲ್ಲ. ಚಿಕ್ಕವಳು ಫೋಟೊದ ಅಂಚಿನಲ್ಲಿದ್ದಾಳೆ. ಮುಂದಿನ ಕ್ಯಾಮೆರಾದ ಲೆನ್ಸ್ ಅಂಚಿನಲ್ಲಿದ್ದ ಮುಖವನ್ನು ಹೊರಗಡೆಗೆ ಎಳೆಯುತ್ತದೆ. ಆಕೆಯ ಒಂದು ಕೆನ್ನೆ ಉಬ್ಬಿದಂತೆ ಕಂಡಿರುವುದು ಅದರಿಂದ. ಅಂದರೆ ಈ ಫೋಟೊದಲ್ಲಿ ಎದ್ದು ಕಾಣುವ ವ್ಯತ್ಯಾಸಗಳು ಕ್ಯಾಮೆರಾದವು, ಮಕ್ಕಳದ್ದಲ್ಲ.

ಇನ್ನೂ ಒಂದು ಇದೆ, ಅದನ್ನು ನೋಡಿ ನಗು ಬಂತು. ನಿಮ್ಮ ಟ್ರೇಸಿನಲ್ಲಿ ಚಿಕ್ಕವಳ ಮಚ್ಚೆ ಬಲಗಣ್ಣಿನ ಕೆಳಗಿದೆ. ನೀವು ಕಳಿಸಿದ ಶಾಲೆಯ ಗ್ರೂಪ್ ಫೋಟೊದಲ್ಲಿ ಅದೇ ಮಚ್ಚೆ ಎಡಗಣ್ಣಿನ ಕೆಳಗೆ. ಸೆಲ್ಫಿಯಲ್ಲಿ ದೊಡ್ಡವಳ ಟೀ ಶರ್ಟ್ ಮೇಲಿನ ಅಕ್ಷರ ನೋಡಿ, ಉಲ್ಟಾ ಇದೆ. ಕೆಲವು ಫೋನ್‌ಗಳು ಸೆಲ್ಫಿಯನ್ನು ಕನ್ನಡಿಯಲ್ಲಿ ಕಂಡ ಹಾಗೇ ಉಳಿಸುತ್ತವೆ. ಬೇರೆಯವರಿಗೆ ಇದು ದೊಡ್ಡ ವಿಷಯ ಅಲ್ಲ. ಅವಳಿಗಳಲ್ಲಿ ಮಚ್ಚೆ, ಬೈತಲೆ, ಬಾಯಿ ಒಂದು ಬದಿಗೆ ಏಳುವ ನಗು, ಇವೇ ಗುರುತು. ಅವು ಬದಿ ಬದಲಾದರೆ ಮನೆಯವರಿಗೆ 'ಏನೋ ಸರಿಯಿಲ್ಲ' ಅನಿಸುತ್ತದೆ, ಏನು ಅಂತ ಹೇಳಲು ಬರುವುದಿಲ್ಲ.

ಆದ್ದರಿಂದ ಹೊಸ ಫೋಟೊ ತೆಗೆಯಿರಿ. ಹಿಂದಿನ ಕ್ಯಾಮೆರಾ ಬಳಸಿ, ಎರಡು ಮೀಟರ್ ದೂರ ನಿಂತು, ಮುಖ ತುಂಬುವಷ್ಟು ಜೂಮ್ ಮಾಡಿ. ಫೋನ್ ಮಗುವಿನ ಕಣ್ಣಿನ ಎತ್ತರದಲ್ಲಿರಲಿ, ನಿಂತು ಮೇಲಿನಿಂದ ತೆಗೆದರೆ ಗದ್ದ ಸಣ್ಣದಾಗುತ್ತದೆ. ಕಿಟಕಿಯ ಬೆಳಕು ಎದುರಿನಿಂದ ಬೀಳಲಿ. ಕೂದಲು ಹಿಂದಕ್ಕೆ ಕಟ್ಟಿ. ಒಬ್ಬಳು ಎದ್ದ ಮೇಲೆ ಇನ್ನೊಬ್ಬಳು ಅದೇ ಸ್ಟೂಲಿನ ಮೇಲೆ ಕೂರಲಿ, ಫೋನ್ ಜಾಗ ಬಿಟ್ಟು ಅಲುಗಬಾರದು. ಪ್ರತಿಯೊಬ್ಬಳದೂ ಬಾಯಿ ಮುಚ್ಚಿದ್ದು ಒಂದು, ನಗುತ್ತಿರುವುದು ಒಂದು, ಮುಖ ಸ್ವಲ್ಪ ತಿರುಗಿಸಿದ್ದು ಒಂದು ಬೇಕು. 'ನಗು' ಅಂತ ಹೇಳಿ ತೆಗೆಸಿದ ನಗು ಬೇಡ. ತಮ್ಮನನ್ನು ಪಕ್ಕದಲ್ಲಿ ನಿಲ್ಲಿಸಿ ಏನಾದರೂ ಚೇಷ್ಟೆ ಮಾಡಿಸಿ.

ಈಗ ನಿಜವಾದ ಕೆಲಸಕ್ಕೆ ಬರೋಣ. ಕಾರ್ಟೂನಿಸ್ಟರು ಮುಖ ನೋಡಿದಾಗ ಮಾಡುವುದೇನು? ಸಾಮಾನ್ಯವಾದ ಒಂದು ಮುಖ ಮನಸ್ಸಿನಲ್ಲಿರುತ್ತದೆ. ಎದುರಿಗಿರುವ ಮುಖ ಅದಕ್ಕಿಂತ ಎಲ್ಲಿ ಬೇರೆ ಅಂತ ನೋಡಿ, ಆ ಬೇರೆತನವನ್ನು ಹಿಗ್ಗಿಸುತ್ತಾರೆ. ಸೂಸನ್ ಬ್ರೆನನ್ ಎಂಬವರು 1982ರಲ್ಲಿ ಅಮೆರಿಕದ ಎಂಐಟಿಯಲ್ಲಿ ಇದನ್ನೇ ಕಂಪ್ಯೂಟರ್ ಪ್ರೋಗ್ರಾಂ ಆಗಿ ಬರೆದರು. ಮುಖದ ಬಿಂದುಗಳನ್ನು ಸರಾಸರಿ ಮುಖದ ಜೊತೆ ಹೋಲಿಸಿ, ಬಂದ ಅಂತರವನ್ನು ಗುಣಿಸುವುದು, ಅಷ್ಟೇ. ಆಮೇಲೆ 1987ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪರಿಚಿತರ ಮುಖಗಳನ್ನು ಹೀಗೆ ಹಿಗ್ಗಿಸಿದ ಗೆರೆಚಿತ್ರದಲ್ಲಿ ಜನ ಯಥಾವತ್ತಾದ ಗೆರೆಚಿತ್ರಕ್ಕಿಂತ ಬೇಗ ಗುರುತಿಸಿದರು.

ಈ ಅಭ್ಯಾಸವೇ ಅವಳಿಗಳ ವಿಷಯದಲ್ಲಿ ತಿರುಗಿ ಬೀಳುತ್ತದೆ. ನಿಮ್ಮ ಇಬ್ಬರು ಹುಡುಗಿಯರಿಗೂ ಹಣೆ ಅಗಲ, ಕಣ್ಣುಗಳ ನಡುವೆ ಜಾಗ ಜಾಸ್ತಿ, ಕಿವಿ ಸ್ವಲ್ಪ ಹೊರಗೆ. ಸಾಮಾನ್ಯ ಮಕ್ಕಳ ಮುಖಕ್ಕೆ ಹೋಲಿಸಿದರೆ ಎದ್ದು ಕಾಣುವುದು ಈ ಮೂರೇ. ಅವನ್ನು ಹಿಗ್ಗಿಸಿದರೆ ಇಬ್ಬರೂ ಒಂದೇ ದಿಕ್ಕಿಗೆ ಓಡುತ್ತಾರೆ, ಇನ್ನೂ ಹೆಚ್ಚು ಒಂದೇ ಥರ ಆಗುತ್ತಾರೆ. ಬೀದಿ ಬದಿಯಲ್ಲಿ, ಜಾತ್ರೆಯಲ್ಲಿ ಕೂತು ಐದು ನಿಮಿಷಕ್ಕೆ ಮುಖ ಬರೆಯುವ ಒಳ್ಳೊಳ್ಳೆ ಕೈಗಳೂ ಅವಳಿಗಳು ಬಂದಾಗ ಎಡವುವುದು ಇಲ್ಲೇ.

ಹಾಗಾಗಿ ಅವಳಿಗಳಿಗೆ ಎರಡು ಹೋಲಿಕೆ ಬೇಕು. ಮೊದಲನೆಯದು, ಇಬ್ಬರೂ ಸೇರಿ ಊರಿನ ಬೇರೆ ಮಕ್ಕಳಿಗಿಂತ ಎಲ್ಲಿ ಬೇರೆ? ಅದು ಹೋಲಿಕೆ, ಅದನ್ನು ಇಬ್ಬರಿಗೂ ಒಂದೇ ಅಳತೆಯಲ್ಲಿ ಬರೆಯಿರಿ. ಎರಡನೆಯದು, ಇಬ್ಬರ ನಡುಮಧ್ಯದ ಒಂದು ಮುಖಕ್ಕಿಂತ ಪ್ರತಿಯೊಬ್ಬಳೂ ಯಾವ ಕಡೆಗೆ ಬೇರೆ? ಹಿಗ್ಗಿಸುವುದು ಇದನ್ನು ಮಾತ್ರ.

ಟ್ಯಾಬ್‌ನಲ್ಲಿ ಹೀಗೆ ಮಾಡಿ. ಬಾಯಿ ಮುಚ್ಚಿದ ಎರಡು ಫೋಟೊಗಳನ್ನು ಎರಡು ಲೇಯರ್‌ನಲ್ಲಿ ಇಡಿ. ಎರಡರಲ್ಲೂ ಕಣ್ಣಪಾಪೆಯಿಂದ ಕಣ್ಣಪಾಪೆಯ ದೂರ ಒಂದೇ ಆಗುವ ಹಾಗೆ ಒಂದನ್ನು ಹಿಗ್ಗಿಸಿ ಅಥವಾ ಕುಗ್ಗಿಸಿ, ಕಣ್ಣುಗಳು ಒಂದರ ಮೇಲೊಂದು ಕೂರಲಿ. ಕುಗ್ಗಿಸುವಾಗ ಅಗಲ, ಎತ್ತರ ಎರಡೂ ಒಟ್ಟಿಗೇ ಬದಲಾಗಬೇಕು, ಬರೀ ಒಂದನ್ನು ಎಳೆಯಬೇಡಿ. ಮೇಲಿನ ಲೇಯರಿನ ಒಪ್ಯಾಸಿಟಿ 50%ಗೆ ಇಳಿಸಿ. ಈಗ ಎರಡೂ ಮುಖ ಒಂದರೊಳಗೊಂದು ಕಾಣುತ್ತವೆ. ಎಲ್ಲಿ ಗೆರೆ ಸ್ಪಷ್ಟವಾಗಿ ಕೂತಿದೆಯೋ ಅಲ್ಲಿ ಇಬ್ಬರೂ ಒಂದೇ. ಎಲ್ಲಿ ಎರಡೆರಡು ಅಂಚು ಕಾಣುತ್ತಿದೆಯೋ ಅಲ್ಲಿ ಬೇರೆ. ಮೇಲಿನ ಲೇಯರನ್ನು ಆನ್ ಆಫ್ ಮಾಡುತ್ತಾ ನೋಡಿ. ಏನು ಕದಲುತ್ತದೋ ಅದನ್ನು ಬರೆದಿಟ್ಟುಕೊಳ್ಳಿ. ಚಿತ್ರವನ್ನು ತಲೆಕೆಳಗು ಮಾಡಿಯೂ ಒಮ್ಮೆ ನೋಡಿ. 'ನನ್ನ ಮಗಳು' ಅನ್ನೋ ಭಾವನೆ ಪಕ್ಕಕ್ಕೆ ಸರಿದು ಅಳತೆ ಮಾತ್ರ ಕಾಣುತ್ತದೆ.

ನೀವು ಕಳಿಸಿದ ಶಾಲೆಯ ಫೋಟೊದಲ್ಲಿ ಇಬ್ಬರ ಮುಖವೂ ಹೆಚ್ಚುಕಡಿಮೆ ನೇರವಾಗಿದೆ, ದೂರವೂ ಸರಿ ಇದೆ. ಅದರ ಮೇಲೆ ನಾನು ಒಮ್ಮೆ ಅಳೆದೆ. ಕಣ್ಣಪಾಪೆಗಳ ನಡುವಿನ ದೂರವನ್ನು 100 ಅಂತ ಹಿಡಿಯಿರಿ. ಕಣ್ಣಿನ ಗೆರೆಯಿಂದ ಗದ್ದದ ತುದಿಗೆ ದೊಡ್ಡವಳದು 176, ಚಿಕ್ಕವಳದು 168. ನಡುವಿನದು 172. ಬಾಯಿಯ ಮಟ್ಟದಲ್ಲಿ ಮುಖದ ಅಗಲ ದೊಡ್ಡವಳದು 166, ಚಿಕ್ಕವಳದು 174. ನಡುವಿನದು 170. ಅಂದರೆ ದೊಡ್ಡವಳು ನಡುವಿನ ಮುಖಕ್ಕಿಂತ ಉದ್ದದಲ್ಲಿ 4 ಜಾಸ್ತಿ, ಅಗಲದಲ್ಲಿ 4 ಕಡಿಮೆ. ಚಿಕ್ಕವಳು ಅದಕ್ಕೆ ಸರಿಯಾಗಿ ವಿರುದ್ಧ. ಈ 4 ಅನ್ನು ಎರಡೂವರೆ ಪಟ್ಟು ಮಾಡೋಣ, 10 ಆಗುತ್ತದೆ. ಈಗ ದೊಡ್ಡವಳ ಉದ್ದ 182, ಅಗಲ 160. ಚಿಕ್ಕವಳ ಉದ್ದ 162, ಅಗಲ 180. ಕಪ್ ಮೇಲೆ 1 ಮಿ.ಮೀ. ಇದ್ದ ಉದ್ದದ ಅಂತರ ಹೆಚ್ಚುಕಡಿಮೆ 2.5 ಮಿ.ಮೀ. ಆಯಿತು. ಗೆರೆಯ ದಪ್ಪಕ್ಕೆ ಇನ್ನು ಅದನ್ನು ನುಂಗಲು ಆಗುವುದಿಲ್ಲ.

ಎರಡೂವರೆ ಪಟ್ಟು ಅನ್ನೋದು ಶಾಸ್ತ್ರ ಅಲ್ಲ, ಕೈಯ ಅಂದಾಜು. ಒಂದೂವರೆ ಪಟ್ಟು ಮಾಡಿದರೆ ಸಣ್ಣ ಪ್ರಿಂಟಿನಲ್ಲಿ ಕಾಣುವುದಿಲ್ಲ. ಮೂರು ಪಟ್ಟು ದಾಟಿದರೆ ಅವಳಿಗಳು ಅನ್ನೋದೇ ಹೋಗಿ, ಚಿಕ್ಕಮ್ಮ ದೊಡ್ಡಮ್ಮನ ಮಕ್ಕಳ ಹಾಗೆ ಕಾಣಲು ಶುರುವಾಗುತ್ತದೆ. ಎ4 ಹಾಳೆಯಷ್ಟು ದೊಡ್ಡದಾಗಿ ಫ್ರೇಮ್ ಹಾಕಿಸುವುದಾದರೆ ಇಷ್ಟೂ ಬೇಡ, ಒಂದೂವರೆ ಪಟ್ಟೇ ಸಾಕು. ಇನ್ನೊಂದು ವಿಷಯ, ಇಬ್ಬರೂ ಒಂದೇ ಚಿತ್ರದಲ್ಲಿದ್ದರೆ ಕಣ್ಣು ಹೋಲಿಸಿ ನೋಡುತ್ತದೆ, ಸಣ್ಣ ಅಂತರವೂ ಸಿಗುತ್ತದೆ. ಒಬ್ಬಳಿಗೆ ಒಂದೊಂದು ಕಪ್ ಮಾಡಿಸುವುದಾದರೆ ಹೋಲಿಸಲು ಪಕ್ಕದಲ್ಲಿ ಇನ್ನೊಬ್ಬಳಿರುವುದಿಲ್ಲ. ಅಲ್ಲಿ ಇನ್ನೂ ಸ್ವಲ್ಪ ಜಾಸ್ತಿ ಹಿಗ್ಗಿಸಬೇಕಾಗುತ್ತದೆ.

ಎಲ್ಲವನ್ನೂ ಹೀಗೆ ಹಿಗ್ಗಿಸಬೇಡಿ. ಎರಡು, ತಪ್ಪಿದರೆ ಮೂರು ಸಂಗತಿ ಆರಿಸಿಕೊಳ್ಳಿ. ನಿಮ್ಮ ಹುಡುಗಿಯರಲ್ಲಿ ನಾನು ಆರಿಸುವುದು ಮುಖದ ಕೆಳಭಾಗದ ಆಕಾರ, ಹುಬ್ಬು, ನಗು. ದೊಡ್ಡವಳ ಹುಬ್ಬು ಹೆಚ್ಚುಕಡಿಮೆ ನೇರ, ಕೊನೆಯಲ್ಲಿ ಮಾತ್ರ ಇಳಿಯುತ್ತದೆ. ಚಿಕ್ಕವಳದು ಬಿಲ್ಲಿನ ಹಾಗೆ ಬಾಗಿದೆ, ಕಣ್ಣಿನಿಂದ ಸ್ವಲ್ಪ ಮೇಲಿದೆ. ಫೋಟೊದಲ್ಲಿ ಈ ಅಂತರ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ, ಆದರೆ ಗೆರೆಚಿತ್ರದಲ್ಲಿ ಹುಬ್ಬಿನಷ್ಟು ಕೆಲಸ ಮಾಡುವ ಭಾಗ ಇನ್ನೊಂದಿಲ್ಲ. 2003ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಪ್ರಸಿದ್ಧರ ಫೋಟೊಗಳಿಂದ ಒಮ್ಮೆ ಕಣ್ಣು ಅಳಿಸಿದರು, ಇನ್ನೊಮ್ಮೆ ಹುಬ್ಬು ಅಳಿಸಿದರು. ಹುಬ್ಬು ಇಲ್ಲದ ಮುಖಗಳನ್ನು ಗುರುತಿಸುವುದೇ ಜನರಿಗೆ ಹೆಚ್ಚು ಕಷ್ಟವಾಯಿತು.

ನಗುವಿನಲ್ಲಿ ಚಿಕ್ಕವಳ ಮೇಲ್ತುಟಿ ಎಡಗಡೆ ಜಾಸ್ತಿ ಏಳುತ್ತದೆ, ಒಸಡು ಸ್ವಲ್ಪ ಕಾಣುತ್ತದೆ. ದೊಡ್ಡವಳು ತುಟಿ ಬಿಗಿಹಿಡಿದು ನಗುತ್ತಾಳೆ, ಕೆನ್ನೆಯಲ್ಲಿ ಗೆರೆ ಬೀಳುತ್ತದೆ. ಇಬ್ಬರಿಗೂ ಒಂದೇ ಬಾಯಿ ಬರೆದು, ನಗು ಮಾತ್ರ ಅವರವರದೇ ಹಾಕಿ. ಆದರೆ ಬಿದ್ದ ಹಲ್ಲು, ಅರ್ಧ ಬಂದ ಹಲ್ಲನ್ನು ಗುರುತಾಗಿ ಬಳಸಬೇಡಿ. ಎಂಟನೇ ವಯಸ್ಸಿನಲ್ಲಿ ಹಲ್ಲು ಇವತ್ತಿದ್ದ ಹಾಗೆ ಇನ್ನು ಆರು ತಿಂಗಳಿಗೆ ಇರುವುದಿಲ್ಲ. ಕಪ್ ಅದಕ್ಕಿಂತ ಜಾಸ್ತಿ ದಿನ ಬಾಳಿಕೆ ಬರುತ್ತದೆ, ಒಡೆಯದಿದ್ದರೆ.

ಮಿಕ್ಕಿದ್ದೆಲ್ಲ ಒಂದೇ ಇರಲಿ. ಮೂಗು, ಕಿವಿ, ಕಣ್ಣಿನ ಆಕಾರ, ಹಣೆಯ ಮೇಲೆ ಕೂದಲು ಶುರುವಾಗುವ ಗೆರೆ, ಇವನ್ನು ಒಬ್ಬಳಿಗೆ ಬರೆದು ಲೇಯರ್ ಕಾಪಿ ಮಾಡಿ ಇನ್ನೊಬ್ಬಳಿಗೆ ಹಾಕಿ. ಮೋಸ ಅನ್ನಿಸುತ್ತದೆ, ಆದರೆ ಹೋಲಿಕೆ ಉಳಿಯುವುದು ಇದರಿಂದಲೇ. ಎರಡು ಸಲ ಕೈಯಲ್ಲಿ ಬರೆದರೆ ಮೂಗಿನಲ್ಲಿ ನಿಮಗೇ ಗೊತ್ತಿಲ್ಲದೆ ಒಂದು ಅಂತರ ನುಸುಳುತ್ತದೆ. ಅದು ಮಕ್ಕಳಲ್ಲಿ ಇಲ್ಲದ ಅಂತರ, ನಿಜವಾದ ಅಂತರಗಳ ಜೊತೆ ಜಗಳಕ್ಕೆ ನಿಲ್ಲುತ್ತದೆ. ಮಚ್ಚೆ ಹಾಕಿ, ಅವಳ ಎಡಗಣ್ಣಿನ ಕೆಳಗೇ ಹಾಕಿ, ಇರುವುದಕ್ಕಿಂತ ದೊಡ್ಡದಾಗಿ ಹಾಕಿ. ಕಪ್ ಮೇಲೆ 1 ಮಿ.ಮೀ.ಗಿಂತ ಸಣ್ಣ ಚುಕ್ಕೆ ಪ್ರಿಂಟಿನ ಕಲೆಯ ಹಾಗೆ ಕಾಣುತ್ತದೆ. ಮಚ್ಚೆಯನ್ನೇ ನಂಬಿಕೊಂಡು ಕೂರಬೇಡಿ, ಅಷ್ಟೇ. ಅದು ಇರುವುದು ಖಾತ್ರಿ ಮಾಡಿಕೊಳ್ಳಲು.

ಮಕ್ಕಳಿಗೆ ಬೇಜಾರಾಗಲ್ವಾ ಅಂತ ಕೇಳಿದಿರಿ. ಆಗಬಹುದು, ಅದು ಏನನ್ನು ಹಿಗ್ಗಿಸುತ್ತೀರಿ ಅನ್ನೋದರ ಮೇಲಿದೆ. ನಮ್ಮ ಲೆಕ್ಕದಲ್ಲಿ ಚಿಕ್ಕವಳ ಮುಖ ಅಗಲ, ದೊಡ್ಡವಳದು ಉದ್ದ. ಇದನ್ನು ಎಚ್ಚರ ಇಲ್ಲದೆ ಬರೆದರೆ ಒಬ್ಬಳು 'ದಪ್ಪ', ಒಬ್ಬಳು 'ಸಣಕಲಿ' ಆಗಿಬಿಡುತ್ತಾರೆ. ಅವಳಿಗಳನ್ನು ನೆಂಟರು ಮೊದಲೇ ಹೀಗೆ ಹೋಲಿಸಿ ಹೋಲಿಸಿ ಹಣ್ಣು ಮಾಡಿರುತ್ತಾರೆ. ಅದಕ್ಕೆ ಅಂತರವನ್ನು ದವಡೆಯ ಎಲುಬಿನ ಗೆರೆಯಲ್ಲಿ ತೋರಿಸಿ. ಚಿಕ್ಕವಳಿಗೆ ದುಂಡನೆಯ, ಗಿಡ್ಡ ಗದ್ದ. ದೊಡ್ಡವಳಿಗೆ ಕಿರಿದಾಗುತ್ತಾ ಇಳಿಯುವ ಗದ್ದ. ಕೆನ್ನೆಯನ್ನು ಉಬ್ಬಿಸಬೇಡಿ, ಕತ್ತು ಮತ್ತು ಮೈ ಇಬ್ಬರಿಗೂ ಒಂದೇ ಇರಲಿ. ಮುಖ ದುಂಡಗಿದ್ದು ಕತ್ತು ಅಕ್ಕನಷ್ಟೇ ಇದ್ದರೆ ಯಾರಿಗೂ 'ದಪ್ಪ' ಅನ್ನೋ ಮಾತು ಹೊಳೆಯುವುದಿಲ್ಲ.

ಮೈಬಣ್ಣವನ್ನು ಮಾತ್ರ ಗುರುತಾಗಿ ಮುಟ್ಟಲೇಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಒಂದೇ ಫೋಟೊದಲ್ಲಿ ಕಿಟಕಿ ಪಕ್ಕ ಕೂತವಳು ಬೆಳ್ಳಗೆ, ಗೋಡೆ ಪಕ್ಕ ಕೂತವಳು ಕಪ್ಪಗೆ ಕಾಣುತ್ತಾಳೆ. ಅದರಿಂದ ಐಡ್ರಾಪರ್‌ನಲ್ಲಿ ಬಣ್ಣ ಎತ್ತಿ ಹಾಕಿದರೆ ಇಲ್ಲದ ಅಂತರ ಹುಟ್ಟುತ್ತದೆ, ಅದೂ ನಮ್ಮ ಮನೆಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ನೋಯಿಸುವ ಅಂತರ. ಇಬ್ಬರಿಗೂ ಅವರ ನಿಜವಾದ ಬಣ್ಣ, ಒಂದೇ ಸ್ವಾಚ್‌ನಿಂದ. ತೆಳು ಮಾಡುವುದೂ ಬೇಡ.

ಇನ್ನೊಂದು ಸುಲಭದ ದಾರಿ ಇದೆ, ಬಹಳ ಜನ ಅದನ್ನೇ ಹಿಡಿಯುತ್ತಾರೆ: ಒಬ್ಬಳು ತುಂಟಿ, ಒಬ್ಬಳು ಪಾಪದವಳು. ಒಬ್ಬಳ ಕೈಗೆ ಪುಸ್ತಕ, ಒಬ್ಬಳ ಕೈಗೆ ಬ್ಯಾಟು. ಚಿತ್ರ ಚೆನ್ನಾಗಿಯೇ ಬರುತ್ತದೆ. ಆದರೆ ಓದುವವಳು ಯಾರು ಅಂತ ಕಪ್ಪೇ ತೀರ್ಮಾನ ಮಾಡಿಬಿಡುತ್ತದೆ. ಅದರ ಬದಲು ನಿಲ್ಲುವ ಭಂಗಿ ನೋಡಿ. ಶಾಲೆಯ ಫೋಟೊದಲ್ಲಿ ದೊಡ್ಡವಳು ಎರಡೂ ಕಾಲಿನ ಮೇಲೆ ನೆಟ್ಟಗೆ ನಿಂತಿದ್ದಾಳೆ. ಚಿಕ್ಕವಳು ಒಂದು ಕಾಲಿನ ಮೇಲೆ ಭಾರ ಹಾಕಿ ತಲೆಯನ್ನು ಅಕ್ಕನ ಕಡೆಗೆ ವಾಲಿಸಿದ್ದಾಳೆ. ಇದು ಅವರದೇ ಅಭ್ಯಾಸವಾದರೆ ಹಾಗೇ ಬರೆಯಿರಿ. ದೂರದಿಂದ ನೋಡಿದವರಿಗೆ ಮುಖಕ್ಕಿಂತ ಮೊದಲು ಇದೇ ಗುರುತು ಸಿಗುತ್ತದೆ, ಯಾರ ಮನಸ್ಸಿಗೂ ನೋವಿಲ್ಲ.

ಏನನ್ನು ಹಿಗ್ಗಿಸುತ್ತೀರಿ ಅಂತ ಬಣ್ಣ ಹಾಕುವ ಮುಂಚೆ ಮಕ್ಕಳಿಗೇ ತೋರಿಸಿ. "ನಿನ್ನ ಹುಬ್ಬು ಹೀಗೆ ಬಾಗಿದೆ ಅಲ್ವಾ, ಅದನ್ನು ಜಾಸ್ತಿ ಮಾಡ್ತೀನಿ" ಅಂತ ಕನ್ನಡಿ ಮುಂದೆ ನಿಲ್ಲಿಸಿ ಹೇಳಿ. ಬೇಡ ಅಂದರೆ ಬಿಟ್ಟು ಬೇರೆಯದನ್ನು ಆರಿಸಿ. ಎಂಟು ವರ್ಷದ ಮಕ್ಕಳಿಗೆ ತಮ್ಮ ಮುಖದಲ್ಲಿ ಏನು ಇಷ್ಟ, ಏನು ಇಷ್ಟ ಇಲ್ಲ ಅಂತ ಚೆನ್ನಾಗಿ ಗೊತ್ತಿರುತ್ತದೆ.

ಮುಗಿದ ಮೇಲೆ ಪರೀಕ್ಷೆ ಮಾಡಬೇಕು. ಅದನ್ನು ನೀವು ಮಾಡಬಾರದು. ನಿಮಗೆ ಯಾವುದು ಯಾರ ಚಿತ್ರ ಅಂತ ಮೊದಲೇ ಗೊತ್ತು, ಗೊತ್ತಿದ್ದರೆ ಕಣ್ಣು ಹೋಲಿಕೆ ಹುಡುಕಿಕೊಂಡುಬಿಡುತ್ತದೆ. ಇಬ್ಬರ ಮುಖವನ್ನು ಮಾತ್ರ ಕತ್ತರಿಸಿ, ಬಣ್ಣ ತೆಗೆದು ಕಪ್ಪು ಬಿಳುಪು ಮಾಡಿ, ಕೂದಲಿನ ಕ್ಲಿಪ್ಪನ್ನೂ ಅಳಿಸಿ. ಒಂದೊಂದನ್ನೇ ಬೇರೆ ಬೇರೆಯಾಗಿ ವಾಟ್ಸಾಪ್‌ನಲ್ಲಿ ಕಳಿಸಿ 'ಇದು ಯಾರು?' ಅಂತ ಕೇಳಿ. ಅಜ್ಜಿ, ಕ್ಲಾಸ್ ಟೀಚರ್, ದಿನಾ ನೋಡುವ ಪಕ್ಕದ ಮನೆಯವರು, ಎಲ್ಲರಿಗೂ ಎರಡೂ ಹೋಗಲಿ. ಕೆಲವರಿಗೆ ಮೊದಲು ಚಿಕ್ಕವಳದು ಹೋಗಲಿ. ಎಲ್ಲರೂ ಎರಡಕ್ಕೂ ಒಂದೇ ಹೆಸರು ಹೇಳುತ್ತಿದ್ದರೆ, ಎರಡೂ ಚಿತ್ರ ಒಬ್ಬಳ ಕಡೆಗೇ ವಾಲಿವೆ ಅಂತ ಅರ್ಥ. ನಿಮ್ಮ ಈಗಿನ ಟ್ರೇಸಿನಲ್ಲಿ ಆಗಿರುವುದು ಅದೇ, ಎರಡೂ ಅಕ್ಕನಂತಿವೆ. ಒಂದೇ ಚಿತ್ರಕ್ಕೆ ಒಬ್ಬರು ಒಂದು ಹೆಸರು, ಇನ್ನೊಬ್ಬರು ಇನ್ನೊಂದು ಹೇಳಿದರೆ ಅಂತರ ಸಾಲದು. 'ಇಬ್ಬರೂ ಅಲ್ಲ, ಇದ್ಯಾರು?' ಅಂದರೆ ಹಿಗ್ಗಿಸಿದ್ದು ಜಾಸ್ತಿಯಾಯಿತು, ಎರಡೂವರೆಯಿಂದ ಎರಡಕ್ಕೆ ಇಳಿಸಿ. ಇದರ ಜೊತೆ ಚಿತ್ರವನ್ನು ಡಿಪಿಯಷ್ಟು ಸಣ್ಣ ಮಾಡಿ ಒಮ್ಮೆ ನೋಡಿ. ಕಪ್ಪನ್ನು ಕೈಯಳತೆಯಲ್ಲಿ ಹಿಡಿದಾಗ ಕಾಣುವುದು ಹೆಚ್ಚುಕಡಿಮೆ ಅಷ್ಟೇ.

ಮಗನ ಲೆಕ್ಕ ಬೇರೆ. ಅವನು ಅಕ್ಕಂದಿರ ಜೊತೆ ಗೊಂದಲ ಆಗುವುದಿಲ್ಲ. ಅವನ ವಿಷಯದಲ್ಲಿ ಕಳೆದುಹೋಗುವುದು ಹೋಲಿಕೆ. ಐದು ವರ್ಷದ ಮಗು ಅಂದ ಕೂಡಲೇ ಕೈ ತಾನಾಗಿ ದೊಡ್ಡ ಕಣ್ಣು, ಉಬ್ಬಿದ ಕೆನ್ನೆ, ಬೊಟ್ಟು ಮೂಗು ಬರೆಯುತ್ತದೆ, ಯಾರ ಮಗುವೋ ಆಗಿಬಿಡುತ್ತದೆ. ಅಣ್ಣತಮ್ಮ ಅಕ್ಕತಂಗಿಯರ ಹೋಲಿಕೆ ಮುಖದಲ್ಲಿ ಎಲ್ಲಿದೆ ಅಂತ ನೋಡಿದ ಒಂದು ಅಧ್ಯಯನ 2006ರಲ್ಲಿ ಪ್ರಕಟವಾಗಿತ್ತು. ಮಕ್ಕಳ ಫೋಟೊಗಳಲ್ಲಿ ಮುಖದ ಮೇಲಿನ ಅರ್ಧ ಮುಚ್ಚಿದಾಗ ಒಡಹುಟ್ಟಿದವರು ಅಂತ ಹೇಳುವುದು ಜನರಿಗೆ ಬಹಳ ಕಷ್ಟವಾಯಿತು. ಕೆಳಗಿನ ಅರ್ಧ ಮುಚ್ಚಿದಾಗ ಅಷ್ಟೇನೂ ವ್ಯತ್ಯಾಸ ಆಗಲಿಲ್ಲ. ದವಡೆ, ಗದ್ದ ವಯಸ್ಸಾದ ಹಾಗೆ ಬಹಳ ಬದಲಾಗುತ್ತವೆ, ಅದಕ್ಕೆ ಕಣ್ಣು ಅವುಗಳನ್ನು ನೆಚ್ಚಿಕೊಳ್ಳುವುದಿಲ್ಲ ಅಂತ ಕಾಣುತ್ತದೆ.

ಹಾಗಾಗಿ ಅವನಿಗೆ ಅಕ್ಕಂದಿರ ಅಗಲ ಹಣೆ, ಕಣ್ಣಿನ ನಡುವಿನ ಜಾಗ, ರೆಪ್ಪೆಯ ಮಡಿಕೆ, ಕಿವಿ ಇಷ್ಟನ್ನು ಕೊಡಿ. ಹುಬ್ಬು ಕೂಡ. ಫೋಟೊದಲ್ಲಿ ಅವನ ಹುಬ್ಬು ದೊಡ್ಡಕ್ಕನ ಹಾಗೆ ನೇರ ಇದೆ, ಅದನ್ನೇ ಹಾಕಿದರೆ ತಮ್ಮ ಅನ್ನೋದು ತಾನಾಗಿ ಕಾಣುತ್ತದೆ. ವಯಸ್ಸನ್ನು ತೋರಿಸಲು ಗದ್ದ ಗಿಡ್ಡ ಮಾಡಿ, ಕಣ್ಣಿನ ಗೆರೆಯನ್ನು ತಲೆಯಲ್ಲಿ ಸ್ವಲ್ಪ ಕೆಳಗೆ ಇಡಿ, ಕತ್ತು ಸಣ್ಣ ಮಾಡಿ. ಕಣ್ಣನ್ನು ದೊಡ್ಡದು ಮಾಡುವ ಆಸೆ ಬಿಡಿ.

ನಿಮ್ಮ ಕೈಯಲ್ಲಿ ಆಗುತ್ತಾ ಅಂದರೆ, ಆಗುತ್ತದೆ. ಟ್ರೇಸಿನ ಗೆರೆ ನೋಡಿದರೆ ಗೊತ್ತಾಗುತ್ತದೆ. ಎರಡು ಸಂಜೆ ಅಳತೆಗೆ, ಗದ್ದ ಹುಬ್ಬು ತಿದ್ದಿ ನೋಡಲು ಹೋಗಬಹುದು. ಆಮೇಲಿನದು ನೀವು ಈಗಾಗಲೇ ಮಾಡುತ್ತಿರುವ ಕೆಲಸವೇ. ಕಲಾವಿದರಿಗೆ ಕೊಟ್ಟರೆ ಗೆರೆಯಲ್ಲಿ ಸೊಗಸು ಬರುತ್ತದೆ. ಆದರೆ ಅವರು ನಿಮ್ಮ ಮಕ್ಕಳನ್ನು ನೋಡಿಲ್ಲ, ಫೋಟೊದಲ್ಲಿ ಯಾವ ಅಂತರ ನಿಜ, ಯಾವುದು ಲೆನ್ಸಿನದು ಅಂತ ಅವರಿಗೆ ಗೊತ್ತಾಗುವುದಿಲ್ಲ. ಬರೀ ಫೋಟೊ ಕಳಿಸಿ 'ಚೆನ್ನಾಗಿ ಮಾಡಿಕೊಡಿ' ಅಂದರೆ ಕೆಂಪು ಫ್ರಾಕು, ಹಳದಿ ಫ್ರಾಕೇ ವಾಪಸ್ ಬರುತ್ತದೆ. ಸ್ಟೂಲಿನ ಮೇಲೆ ಕೂರಿಸಿ ತೆಗೆದ ಫೋಟೊಗಳನ್ನು ಹೆಸರು ಬರೆದು ಕಳಿಸಿ. ಜೊತೆಗೆ ನಾಲ್ಕು ಸಾಲು ಬರೆಯಿರಿ: ಇಬ್ಬರಿಗೂ ಒಂದೇ ಇರಬೇಕಾದ್ದು ಯಾವುದು, ಬೇರೆ ಇರಬೇಕಾದ ಎರಡು ಯಾವುವು, ಮಚ್ಚೆ ಯಾವ ಕಣ್ಣಿನ ಕೆಳಗೆ, ಮುಟ್ಟಬಾರದ್ದು ಯಾವುದು. ಪ್ರಿಂಟ್ ಎಷ್ಟು ದೊಡ್ಡದು ಅಂತಲೂ ಮೊದಲೇ ಹೇಳಿ. ಬಣ್ಣ ಹಾಕುವ ಮುಂಚೆ ಪೆನ್ಸಿಲ್ ರಫ್ ತೋರಿಸುತ್ತೀರಾ ಅಂತ ಕೇಳಿ, ಎಷ್ಟು ಸಲ ತಿದ್ದಿಕೊಡುತ್ತಾರೆ ಅನ್ನೋದನ್ನು ಅಡ್ವಾನ್ಸ್ ಕೊಡುವಾಗಲೇ ಮಾತಾಡಿಕೊಳ್ಳಿ. ರಫ್ ಬಂದ ಕೂಡಲೇ ಅಜ್ಜಿಗೆ ಕಳಿಸಿ. ಬಣ್ಣ ಆದ ಮೇಲೆ ಗದ್ದ ತಿದ್ದಿ ಅಂದರೆ ಕತ್ತು, ನೆರಳು, ಕೂದಲು ಎಲ್ಲ ಮತ್ತೆ ಬರೆಯಬೇಕಾಗುತ್ತದೆ, ಆಗ ಯಾವ ಕಲಾವಿದರಾದರೂ ಬೇರೆ ದುಡ್ಡು ಕೇಳುತ್ತಾರೆ, ಕೇಳುವುದು ನ್ಯಾಯವೂ ಹೌದು.